ಅರಿಶಿನದ ಪಟ್ಟಿನಡಿ ಹಬ್ಬಿದ ಕೆಂಪು: ಒಂದು ಸೆಲ್ಯುಲೈಟಿಸ್ ಪ್ರಕರಣ

ಜುಲೈ ತಿಂಗಳು, ಮಲೆನಾಡಿನಲ್ಲಿ ನಾಟಿಯ ದಿನಗಳು. ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಮ್ಮ ತಾಲ್ಲೂಕು ಆಸ್ಪತ್ರೆಗೆ 54 ವರ್ಷದ ಒಬ್ಬ ಅಮ್ಮನನ್ನು ಆಟೋದಲ್ಲಿ ಕರೆದುಕೊಂಡು ಬಂದರು. ಎಡಗಾಲನ್ನು ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಮಗ ಒಂದು ಕಡೆ, ಮಗಳು ಒಂದು ಕಡೆ ಹಿಡಿದಿದ್ದರು. ಕಾಲಿಗೆ ಕಣಕಾಲಿನಿಂದ ಮೊಣಕಾಲಿನವರೆಗೂ ದಪ್ಪಗೆ ಅರಿಶಿನದ ಪಟ್ಟು ಹಾಕಿ, ಮೇಲೆ ಹಳೆಯ ಪಂಚೆಯ ಬಟ್ಟೆ ಸುತ್ತಿದ್ದರು.

"ಗದ್ದೇಲಿ ಏನೋ ಹುಳ ಮುಟ್ಟಿರ್ಬೇಕು ಡಾಕ್ಟ್ರೇ" ಅಂದ ಮಗ.

ಪಟ್ಟು ಒಣಗಿ ಚರ್ಮಕ್ಕೆ ಕಚ್ಚಿಕೊಂಡಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ನೆನೆಸಿ ಮೆಲ್ಲಗೆ ಒರೆಸಿ ತೆಗೆಯಲು ಹತ್ತು ನಿಮಿಷ ಹಿಡಿಯಿತು. ನನ್ನ ಮಟ್ಟಿಗೆ ಈ ಪ್ರಕರಣದ ಮುಖ್ಯ ಪಾಠ ಆ ಹತ್ತು ನಿಮಿಷದಲ್ಲೇ ಇದೆ. ಅರಿಶಿನದಿಂದ ಆ ಕಾಲಿಗೆ ನೇರವಾಗಿ ಕೆಡುಕೇನೂ ಆಗಿರಲಿಲ್ಲ. ಆದರೆ ಎರಡು ದಿನದಿಂದ ಕೆಂಪು ಎಲ್ಲಿವರೆಗೆ ಬಂದಿದೆ ಅನ್ನುವುದು ಮನೆಯ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೇಲೆ ಹಳದಿ ಇತ್ತು, ಕೆಳಗೆ ಸೋಂಕು ಹತ್ತುತ್ತಿತ್ತು.

ಹೇಗೆ ಶುರುವಾಯಿತು ಎಂದು ಮಗಳನ್ನು ಕೂರಿಸಿಕೊಂಡು ಕೇಳಿದೆ. ಸೋಮವಾರ ಸಂಜೆ ಗದ್ದೆಯಿಂದ ಬಂದ ಅಮ್ಮನಿಗೆ ಇದ್ದಕ್ಕಿದ್ದಂತೆ ಚಳಿ ಹಿಡಿದಿದೆ. ಎರಡು ಕಂಬಳಿ ಹೊದ್ದರೂ ನಡುಕ ನಿಂತಿಲ್ಲ. ಆಗ ಕಾಲಿನಲ್ಲಿ ಏನೂ ಕಾಣುತ್ತಿರಲಿಲ್ಲ, ಎಡ ತೊಡೆಸಂದಿಯಲ್ಲಿ ಮಾತ್ರ ನೋವಿತ್ತು. ಮಳೆಯಲ್ಲಿ ನೆನೆದದ್ದಕ್ಕೆ ಜ್ವರ ಬಂದಿದೆ ಎಂದು ಕಷಾಯ ಕೊಟ್ಟು ಮಲಗಿಸಿದರು. ಮಂಗಳವಾರ ಬೆಳಿಗ್ಗೆ ಕಣಕಾಲಿನ ಮೇಲೆ ಅಂಗೈ ಅಗಲದ ಜಾಗ ಬಿಸಿಯಾಗಿ ಊದಿಕೊಂಡಿತ್ತು. ಹಿಂದಿನ ದಿನ ಅಲ್ಲೇ ಹತ್ತಿರ ಉಂಬಳ ಕಚ್ಚಿದ್ದ ಗುರುತೂ ಇತ್ತು. ಅದರ ನಂಜೇ ಇರಬೇಕೆಂದು ಅರಿಶಿನ ಹಚ್ಚಿದರು. ಸಂಜೆ ಮಗ ಪೇಟೆಯ ಮೆಡಿಕಲ್ ಶಾಪಿನಿಂದ "ಬಾವು ಇಳಿಯೋ ಮಾತ್ರೆ" ತಂದ. ಸ್ಟ್ರಿಪ್ ನೋಡಿದೆ, ಡೈಕ್ಲೋಫೆನಾಕ್ ಇದ್ದ ನೋವಿನ ಮಾತ್ರೆ. ಅದನ್ನು ತೆಗೆದುಕೊಂಡ ಮೇಲೆ ಜ್ವರ ಬಿಟ್ಟಿತು, ನೋವೂ ತಗ್ಗಿತು. ಬುಧವಾರ ಬೆಳಿಗ್ಗೆ ಅಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದ್ದಾರೆ. ಮನೆಯವರಿಗೆ ಧೈರ್ಯ ಬಂತು. ಬುಧವಾರ ರಾತ್ರಿ ಮತ್ತೆ ನಡುಕ, ಎರಡು ಸಲ ವಾಂತಿ. ಗುರುವಾರ ನಮ್ಮಲ್ಲಿಗೆ ಬಂದರು.

ಜ್ವರ ಬಿಟ್ಟಿದ್ದು ಮಾತ್ರೆಯ ಗುಣ, ರೋಗದ ಗುಣವಲ್ಲ. ಡೈಕ್ಲೋಫೆನಾಕ್ ಜ್ವರ ಇಳಿಸುತ್ತದೆ, ನೋವು ತಗ್ಗಿಸುತ್ತದೆ, ಬ್ಯಾಕ್ಟೀರಿಯಾವನ್ನು ಮುಟ್ಟುವುದಿಲ್ಲ. ಆ ಒಂದು ದಿನ ಅಮ್ಮ ಚೇತರಿಸಿಕೊಂಡಂತೆ ಕಂಡರು, ಒಳಗೆ ಸೋಂಕು ಮೀನಖಂಡ ದಾಟಿ ಮೇಲಕ್ಕೆ ಬಂದಿತ್ತು.

ಪಟ್ಟು ತೆಗೆದ ಮೇಲೆ ಕಂಡದ್ದು ಇಷ್ಟು. ಪಾದದ ಮೇಲ್ಭಾಗದಿಂದ ಮೊಣಕಾಲಿಗೆ ನಾಲ್ಕು ಬೆರಳು ಕೆಳಗಿನವರೆಗೆ ಚರ್ಮ ಬಿಗಿದು ಮಿರಮಿರ ಹೊಳೆಯುತ್ತಿತ್ತು. ಬಣ್ಣ ಪುಸ್ತಕದ ಚಿತ್ರಗಳಲ್ಲಿರುವಂಥ ಟೊಮೇಟೊ ಕೆಂಪಲ್ಲ. ನಮ್ಮ ಜನರ ಕಂದು ಮೈಬಣ್ಣದಲ್ಲಿ ಈ ಕೆಂಪು ಹಾಗೆ ಕಾಣುವುದಿಲ್ಲ. ತಾಮ್ರದ ಹಾಗೆ, ಕೆಲವರಲ್ಲಿ ನೇರಳೆ ಹಣ್ಣಿನ ಕಲೆಯ ಹಾಗೆ ಕಾಣುತ್ತದೆ. ಕಪ್ಪು ಮೈಯವರಲ್ಲಿ ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಗಾಢವಾಗಿದೆ ಅನ್ನಿಸುತ್ತದೆ, ಅಷ್ಟೇ. ಅದಕ್ಕೇ ನಾನು ಕಣ್ಣಿಗಿಂತ ಕೈಯನ್ನು ಹೆಚ್ಚು ನಂಬುತ್ತೇನೆ. ಅಂಗೈಯ ಹಿಂಭಾಗವನ್ನು ಮೊದಲು ಚೆನ್ನಾಗಿರುವ ಕಾಲಿನ ಮೇಲೆ, ಆಮೇಲೆ ಊದಿದ ಕಾಲಿನ ಅದೇ ಜಾಗದ ಮೇಲೆ ಇಡಬೇಕು. ಅಮ್ಮನ ಬಲಗಾಲು ಮಳೆಗಾಲದ ತಣ್ಣನೆಯ ಕಾಲು. ಎಡಗಾಲು ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಮೇಲೆ ಬಟ್ಟೆ ಇಟ್ಟು ಮುಟ್ಟಿದಂತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಮಂಡಿಚಿಪ್ಪಿನಿಂದ 10 ಸೆಂಟಿಮೀಟರ್ ಕೆಳಗೆ ಟೇಪು ಹಿಡಿದಾಗ ಬಲಗಾಲು 34, ಎಡಗಾಲು 38.5. ತೊಡೆಸಂದಿಯಲ್ಲಿ ಅಡಿಕೆ ಗಾತ್ರದ ಗಂಟು, ಮುಟ್ಟಿದರೆ ನೋವು.

ಜ್ವರ 102.4, ನಾಡಿ ನಿಮಿಷಕ್ಕೆ 118, ಬಿಪಿ 100/60, ಉಸಿರು ನಿಮಿಷಕ್ಕೆ 22. ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 346. ಅವರಿಗೆ ಏಳು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ನಾಟಿಯ ಗಡಿಬಿಡಿಯಲ್ಲಿ ಹತ್ತು ದಿನದಿಂದ ಮಾತ್ರೆ ಬಿಟ್ಟಿದ್ದರು.

ಸೋಂಕು ಒಳಹೊಕ್ಕ ಬಾಗಿಲು ಎಲ್ಲಿ ಎಂದು ಹುಡುಕಬೇಕಿತ್ತು. ಉಂಬಳ ಕಚ್ಚಿದ ಜಾಗ ಒಣಗಿ ಸಣ್ಣ ಚುಕ್ಕೆಯಾಗಿತ್ತು. ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಸಿಕ್ಕಿತು. ಚರ್ಮ ನೀರಿನಲ್ಲಿ ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ ಮೆತ್ತಗಾಗಿ, ನಡುವೆ ಒಂದು ಸೀಳು ಬಿಟ್ಟಿತ್ತು. ನಾವೆಲ್ಲ ಕೆಸರುಹುಣ್ಣು ಅನ್ನುವುದು ಇದನ್ನೇ. ಇದರ ಮೂಲ ಸಾಮಾನ್ಯವಾಗಿ ಫಂಗಸ್. ಫಂಗಸ್ ಚರ್ಮವನ್ನು ಸಡಿಲ ಮಾಡುತ್ತದೆ, ಆ ಸೀಳಿನಿಂದ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಒಳಗಿಳಿಯುತ್ತದೆ. ಕಾಲಿನ ಸೆಲ್ಯುಲೈಟಿಸ್ ನೋಡುವಾಗ ಬೆರಳ ಸಂದಿ ನೋಡದಿದ್ದರೆ ಪರೀಕ್ಷೆ ಪೂರ್ತಿಯಾಗಲಿಲ್ಲ ಎಂದೇ ನನ್ನ ಅಭಿಪ್ರಾಯ.

ಸೆಲ್ಯುಲೈಟಿಸ್ ಎಂದರೆ ಚರ್ಮದ ಒಳಪದರ ಮತ್ತು ಅದರ ಕೆಳಗಿನ ಕೊಬ್ಬಿನ ಪದರಕ್ಕೆ ತಗುಲುವ ಸೋಂಕು. ಕುರುವಿನ ಹಾಗೆ ಒಂದೇ ಕಡೆ ಕೀವು ಕಟ್ಟಿ ನಿಲ್ಲುವುದಿಲ್ಲ, ಹಬ್ಬುತ್ತದೆ. ಕೀವಿಲ್ಲದೆ ಹೀಗೆ ಹಬ್ಬುವಂಥದ್ದಕ್ಕೆ ಬಹುಪಾಲು ಸ್ಟ್ರೆಪ್ಟೊಕಾಕಸ್ ಕಾರಣ. ಕೀವು, ಕುರು ಇದ್ದರೆ ಸ್ಟೆಫಿಲೊಕಾಕಸ್ ಮೇಲೆ ಅನುಮಾನ ಹೆಚ್ಚು. ಚರ್ಮದ ಜೀವಕೋಶಗಳ ನಡುವಿನ ಅಂಟನ್ನು ಕರಗಿಸುವ ಕಿಣ್ವಗಳು ಸ್ಟ್ರೆಪ್ಟೊಕಾಕಸ್ ಬಳಿ ಇವೆ. ಅದಕ್ಕೇ ಬೆಳಿಗ್ಗೆ ಅಂಗೈ ಅಗಲ ಇದ್ದದ್ದು ಮರುದಿನಕ್ಕೆ ಮೊಣಕಾಲ ಹತ್ತಿರ ಬರುತ್ತದೆ. ತೊಡೆಸಂದಿಯ ಗಂಟು ನೋಯುವುದು ಕಾಲಿನ ದುಗ್ಧರಸ ಅಲ್ಲಿಗೆ ಹರಿದು ಹೋಗುವುದರಿಂದ. ಚರ್ಮದ ಮೇಲೆ ಏನೂ ಕಾಣುವ ಮೊದಲೇ ಚಳಿಜ್ವರವೂ ತೊಡೆಸಂದಿಯ ನೋವೂ ಬರಬಹುದು, ಈ ಅಮ್ಮನಿಗೆ ಸೋಮವಾರ ಸಂಜೆ ಆದದ್ದು ಅದೇ.

ಮನೆಯವರ ತಲೆಯಲ್ಲಿ ಹುಳ, ಹಾವು ಎಂಬ ಹೆದರಿಕೆ ಇದ್ದೇ ಇತ್ತು. ಮಂಡಲದ ಹಾವಿನಂಥದ್ದು ಕಚ್ಚಿದ್ದರೆ ಊತ ಗಂಟೆಗಳ ಲೆಕ್ಕದಲ್ಲಿ ಬರುತ್ತದೆ, ಹೀಗೆ ಚಳಿ ಮೊದಲು ಬಂದು ಮರುದಿನ ಊತ ಕಾಣುವುದಿಲ್ಲ. ಆದರೂ ಒಣಗಿದ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ಹಾಕಿ ಅಲುಗಾಡಿಸದೆ 20 ನಿಮಿಷ ಇಟ್ಟು, ವಾಲಿಸಿ ಮಗನಿಗೂ ತೋರಿಸಿದೆ. ಮಂಡಲದ ವಿಷ ಏರಿದ್ದರೆ ರಕ್ತ ಸಾಮಾನ್ಯವಾಗಿ ಹೆಪ್ಪುಗಟ್ಟುವುದಿಲ್ಲ, ಇಲ್ಲಿ ಗಟ್ಟಿಯಾಗಿ ನಿಂತಿತ್ತು. ಇನ್ನೊಂದು ಅನುಮಾನ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎನ್ನುವುದು. ಅದರಲ್ಲೂ ಒಂದೇ ಕಾಲು ಊದುತ್ತದೆ, ನೋಯುತ್ತದೆ. ಆದರೆ ಇಷ್ಟು ಜ್ವರ, ಇಷ್ಟು ಸ್ಪಷ್ಟವಾದ ಅಂಚು, ತೊಡೆಸಂದಿಯ ಗಂಟು ಮೂರೂ ಕೂಡಿ ಬಂದರೆ ನನಗೆ ಸೋಂಕೇ ಮೊದಲು. ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಮರುದಿನ ಮಾಡಿಸಿದೆವು, ಹೆಪ್ಪು ಇರಲಿಲ್ಲ. ಅದಕ್ಕಾಗಿ ಆ್ಯಂಟಿಬಯೋಟಿಕ್ ಕಾಯಿಸಲಿಲ್ಲ. ಎರಡೂ ಕಾಲು ಒಂದೇ ಸಮ ಕೆಂಪಾಗಿ, ಜ್ವರವಿಲ್ಲದೆ, ತಿಂಗಳುಗಟ್ಟಲೆ ಇದ್ದರೆ ಅದು ಸಾಮಾನ್ಯವಾಗಿ ಸೆಲ್ಯುಲೈಟಿಸ್ ಅಲ್ಲ. ಅಂಥವರಿಗೆ ಸುಮ್ಮನೆ ಆ್ಯಂಟಿಬಯೋಟಿಕ್ ಕೊಡುವುದೂ ನಮ್ಮಲ್ಲಿ ನಡೆಯುತ್ತಲೇ ಇದೆ.

ನಾನು ನಿಜಕ್ಕೂ ಹೆದರಿದ್ದು ಮಾಂಸವೇ ಕೊಳೆಯುವ ಆಳದ ಸೋಂಕಿಗೆ. ಅದನ್ನು ಒರೆ ಹಚ್ಚುವುದು ಹೀಗೆ: ಕೆಂಪಿನ ಅಂಚು ದಾಟಿ, ನೋಡಲು ಚೆನ್ನಾಗಿರುವ ಚರ್ಮದ ಮೇಲೆ ಒತ್ತಬೇಕು. ಅಲ್ಲೂ ಕಿರುಚುವಷ್ಟು ನೋವಿದ್ದರೆ, ಚರ್ಮದಡಿ ಮರದ ಹಲಗೆಯಂತೆ ಗಡುಸಾಗಿದ್ದರೆ, ಒತ್ತಿದಾಗ ಒಳಗೆ ಗಾಳಿ ಚಟಚಟ ಎಂದರೆ, ನೇರಳೆ ಅಥವಾ ಕಪ್ಪು ಬಣ್ಣದ ಗುಳ್ಳೆ ಎದ್ದಿದ್ದರೆ ಅದು ನಮ್ಮ ಕೈ ಮೀರಿದ್ದು. ಕೂಡಲೇ ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಅಲ್ಲಿ ಗಂಟೆಗಳೇ ಲೆಕ್ಕ. ಕೆಲವೊಮ್ಮೆ ಮೊದಲು ವಿಪರೀತ ನೋವಿದ್ದ ಜಾಗ ಆಮೇಲೆ ಮರಗಟ್ಟಿ ನೋವೇ ಇಲ್ಲದಂತಾಗುತ್ತದೆ. ಅದು ಗುಣವಾದ ಲಕ್ಷಣ ಎಂದು ಯಾರೂ ತಿಳಿಯಬಾರದು, ನರಗಳು ಸಾಯುತ್ತಿವೆ ಎಂದರ್ಥ. ಈ ಅಮ್ಮನಿಗೆ ಅಂಚಿನಾಚೆ ನೋವಿರಲಿಲ್ಲ, ಗುಳ್ಳೆಗಳೂ ಇರಲಿಲ್ಲ. ಆ ದಿನ ಮೂರು ಸಲ ಹಾಗೆ ಒತ್ತಿ ನೋಡಿದೆ.

ನರ್ಸ್ ಸಿಸ್ಟರ್ ಡ್ರಿಪ್ಪಿಗೆ ಸೂಜಿ ಹಾಕಿ, ಅದರಲ್ಲೇ ಪರೀಕ್ಷೆಗೆ ರಕ್ತ ತೆಗೆದರು. ಹಿಂದೆ ಪೆನಿಸಿಲಿನ್ ಅಥವಾ ಯಾವುದೇ ಇಂಜೆಕ್ಷನ್ನಿಗೆ ಮೈ ದದ್ದು, ಉಬ್ಬಸ ಆಗಿದೆಯೇ ಎಂದು ಕೇಳಿದೆವು, ಇಲ್ಲ ಅಂದರು. ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ 2 ಗ್ರಾಂ ರಕ್ತನಾಳಕ್ಕೆ ಹೋಯಿತು. ಆಟೋ ಇಳಿದು ಮುಕ್ಕಾಲು ಗಂಟೆ ಆಗಿತ್ತು. ರಿಪೋರ್ಟ್ ಬರಲಿ, ಯಾವ ಬ್ಯಾಕ್ಟೀರಿಯಾ ಎಂದು ತಿಳಿಯಲಿ ಎಂದು ಕಾಯುವ ರೋಗ ಇದಲ್ಲ. ಸೆಲ್ಯುಲೈಟಿಸ್‌ನಲ್ಲಿ ರಕ್ತದ ಕಲ್ಚರ್‌ನಲ್ಲಿ ಬಹಳ ಸಲ ಏನೂ ಬೆಳೆಯುವುದೇ ಇಲ್ಲ, ಇವರದರಲ್ಲೂ ಬೆಳೆಯಲಿಲ್ಲ. ಜೊತೆಗೆ ಸಲೈನ್, ಇನ್ಸುಲಿನ್. ಡೈಕ್ಲೋಫೆನಾಕ್ ನಿಲ್ಲಿಸಿ ಪ್ಯಾರಾಸಿಟಮಾಲ್ ಕೊಟ್ಟೆವು. ವಾಂತಿಯಾಗಿ ನೀರು ಕಡಿಮೆಯಾದ, ಬಿಪಿ ತಗ್ಗಿದ ಸಕ್ಕರೆ ರೋಗಿಯ ಕಿಡ್ನಿಗೆ ಆ ಮಾತ್ರೆ ಒಳ್ಳೆಯದಲ್ಲ. ಕಾಲಿನಡಿ ಎರಡು ದಿಂಬು, ಅದರ ಮೇಲೊಂದು ಮಡಿಸಿದ ಕಂಬಳಿ ಇಟ್ಟು ಪಾದ ಎದೆಗಿಂತ ಮೇಲಿರುವಂತೆ ಮಾಡಿದೆವು.

ಆಮೇಲೆ ಬಾಲ್‌ಪೆನ್ ತೆಗೆದು ಕೆಂಪು ಮತ್ತು ಬಿಸಿ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಕಾಲಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ತಾರೀಕು, 11.50 ಎಂದು ಬರೆದೆ. ಮಗಳು ನೋಡುತ್ತಿದ್ದಳು. "ಇದ್ಯಾಕೆ ಡಾಕ್ಟ್ರೇ?" ಅಂದಳು. "ನಾಳೆ ನೀನೂ ನಾನೂ ವಾದ ಮಾಡಬಾರ್ದಲ್ಲ, ಅದಕ್ಕೆ" ಅಂದೆ.

ಶುಕ್ರವಾರ ಬೆಳಿಗ್ಗೆ ಕೆಂಪು ಗೆರೆ ದಾಟಿ ಒಂದು ಬೆರಳು ಮೇಲೆ ಹೋಗಿತ್ತು. ಮಗಳು ವಾರ್ಡಿನ ಬಾಗಿಲಲ್ಲೇ ನನ್ನನ್ನು ತಡೆದಳು. "ಔಷಧಿ ಹಿಡೀತಿಲ್ಲ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತೀವಿ." ಅವಳ ಹೆದರಿಕೆ ಸಹಜ. ಇಲ್ಲಿ ತಿಳಿದಿರಬೇಕಾದ ವಿಷಯ ಒಂದಿದೆ. ಸರಿಯಾದ ಆ್ಯಂಟಿಬಯೋಟಿಕ್ ಶುರುವಾದ ಮೇಲೂ ಮೊದಲ 24ರಿಂದ 48 ಗಂಟೆ ಕೆಂಪು ಸ್ವಲ್ಪ ಹೆಚ್ಚಾಗಬಹುದು. ಬ್ಯಾಕ್ಟೀರಿಯಾ ಸತ್ತಾಗ ಅದರೊಳಗಿನದೆಲ್ಲ ಹೊರಬಿದ್ದು ಉರಿಯೂತ ಇನ್ನಷ್ಟು ಕೆರಳುತ್ತದೆ. ಆದ್ದರಿಂದ ಮೊದಲ ದಿನ ನಾನು ಕೆಂಪನ್ನು ನೋಡುವುದಕ್ಕಿಂತ ರೋಗಿಯನ್ನು ನೋಡುತ್ತೇನೆ. ಅಮ್ಮನ ಜ್ವರ 100ಕ್ಕೆ ಇಳಿದಿತ್ತು, ನಾಡಿ 96, ಬಿಪಿ 116/70. ರಾತ್ರಿ ಚಳಿ ಬಂದಿರಲಿಲ್ಲ, ಮೂತ್ರ ಚೆನ್ನಾಗಿ ಹೋಗಿತ್ತು, ಗಂಜಿ ಕೇಳಿ ಕುಡಿದಿದ್ದರು. ಇದೇ ಕೆಂಪಿನ ಜೊತೆ ನಾಡಿ ಏರಿದ್ದರೆ, ನೋವು ಹೆಚ್ಚಾಗಿದ್ದರೆ, ಮಾತು ಅಡ್ಡಾದಿಡ್ಡಿಯಾಗಿದ್ದರೆ ನಾನೇ 108ಕ್ಕೆ ಫೋನ್ ಮಾಡುತ್ತಿದ್ದೆ. ಇದನ್ನೆಲ್ಲ ಮಗಳಿಗೆ ಕೇಸ್ ಶೀಟ್ ತೋರಿಸಿ ವಿವರಿಸಿದೆ. ಒಂದು ದಿನ ನೋಡೋಣ ಎಂದು ಒಪ್ಪಿದಳು.

ಶನಿವಾರ ಕೆಂಪು ಗೆರೆಗೆ ಸರಿಯಾಗಿ ಬಂದು ನಿಂತಿತು. ಭಾನುವಾರ ಗೆರೆಗಿಂತ ಮೂರು ಬೆರಳು ಕೆಳಗಿಳಿದಿತ್ತು. ಹೊಳಪು ಹೋಗಿ ಚರ್ಮದ ಮೇಲೆ ಸಣ್ಣ ಸುಕ್ಕು ಕಾಣಿಸಿಕೊಂಡಿತ್ತು. ಊತ ಇಳಿಯುತ್ತಿದೆ ಅನ್ನುವುದಕ್ಕೆ ಆ ಸುಕ್ಕಿಗಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ. ಸೋಮವಾರ ಇಂಜೆಕ್ಷನ್ ನಿಲ್ಲಿಸಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625 ಮಿಲಿಗ್ರಾಂ ಮಾತ್ರೆ ದಿನಕ್ಕೆ ಮೂರು ಸಲ, ಬೆರಳ ಸಂದಿಗೆ ಕ್ಲೋಟ್ರಿಮಜೋಲ್ ಮುಲಾಮು ಬರೆದು ಮನೆಗೆ ಕಳಿಸಿದೆವು. ತೊಡಕಿಲ್ಲದ ಸೆಲ್ಯುಲೈಟಿಸ್‌ಗೆ, ಗುಣ ಕಾಣುತ್ತಿದ್ದರೆ, ಒಟ್ಟು 5 ದಿನದ ಆ್ಯಂಟಿಬಯೋಟಿಕ್ ಸಾಕು. ಇವರಿಗೆ ಸಕ್ಕರೆ ಹೆಚ್ಚಿತ್ತು, ತಡವಾಗಿ ಬಂದಿದ್ದರು, ಊತ ಇನ್ನೂ ಇತ್ತು. ಅದಕ್ಕೆ ಒಟ್ಟು 10 ದಿನ ಕೊಟ್ಟೆ.

ಮಂಗಳವಾರವೇ ಬಂದಿದ್ದರೆ ಏನಾಗುತ್ತಿತ್ತು? ಅಂಗೈ ಅಗಲದ ಕೆಂಪು, ನುಂಗಿದ ಮಾತ್ರೆ ವಾಂತಿಯಾಗದೆ ನಿಲ್ಲುತ್ತಿತ್ತು, ಬಿಪಿ ಸರಿ ಇದ್ದಿರಬಹುದು. ಸಕ್ಕರೆ ನೋಡಿ, ಮಾತ್ರೆ ಕೊಟ್ಟು, ಗೆರೆ ಎಳೆದು, ನಾಳೆ ತೋರಿಸಿ ಎಂದು ಮನೆಗೇ ಕಳಿಸುತ್ತಿದ್ದೆ ಎಂದುಕೊಳ್ಳುತ್ತೇನೆ. ಎರಡು ದಿನದ ತಡದಲ್ಲಿ ಅದು ನಾಲ್ಕು ದಿನದ ವಾರ್ಡ್ ವಾಸವಾಯಿತು. ಇನ್ನೊಂದು ದಿನ ತಡವಾಗಿದ್ದರೆ ಸೋಂಕು ರಕ್ತಕ್ಕೆ ಹಬ್ಬಿ ಬಿಪಿ ಕುಸಿಯುವ ಹಂತ ದೂರವಿರಲಿಲ್ಲ. ಆ ಹಂತ ಮುಟ್ಟಿದವರಿಗೆ ಮೊದಲ ಡೋಸ್ ಒಂದು ಗಂಟೆಯೊಳಗೆ ಹೋಗಬೇಕು ಎನ್ನುತ್ತವೆ ಇಂದಿನ ಚಿಕಿತ್ಸಾ ಸೂತ್ರಗಳು. ತಡದ ಬೆಲೆ ಇಷ್ಟಕ್ಕೇ ಮುಗಿಯುವುದಿಲ್ಲ. ಸೋಂಕು ಕಾಲಿನ ದುಗ್ಧರಸದ ನಾಳಗಳಿಗೆ ಪೆಟ್ಟು ಕೊಡುತ್ತದೆ, ನೀರು ಹರಿದು ಹೋಗದೆ ಊತ ಉಳಿಯುತ್ತದೆ, ಊದಿದ ಕಾಲಿಗೆ ಮುಂದಿನ ಸೋಂಕು ಇನ್ನೂ ಸುಲಭ. ಆನೆಕಾಲು ಇರುವವರಿಗೆ ಮತ್ತೆ ಮತ್ತೆ ಚಳಿಜ್ವರ ಬಂದು ಕಾಲು ಕೆಂಪಾಗುವುದರ ಹಿಂದೆಯೂ ಇದೇ ಸುಳಿ ಇದೆ.

ಡಿಸ್ಚಾರ್ಜ್ ದಿನ ಮಗ ಕೇಳಿದ, "ಹಂಗಾದ್ರೆ ಇನ್ಮೇಲೆ ಮೆಡಿಕಲ್‌ನಿಂದ ಆ್ಯಂಟಿಬಯೋಟಿಕ್ಕೇ ತಂದು ಕೊಡ್ಲಾ ಡಾಕ್ಟ್ರೇ?" ಬೇಡ ಅಂದೆ. ಬೇಗ ಶುರುಮಾಡಬೇಕು ಎಂದರೆ ಅವತ್ತೇ ತೋರಿಸಬೇಕು ಎಂದು. ಅಂಗಡಿಯಲ್ಲಿ ಕೈಗೆ ಬರುವುದು ಸಾಮಾನ್ಯವಾಗಿ ಮೂರು ದಿನದ ಅಜಿತ್ರೋಮೈಸಿನ್ ಅಥವಾ ಯಾರದೋ ಮನೆಯಲ್ಲಿ ಉಳಿದ ನಾಲ್ಕು ಮಾತ್ರೆ. ಅಲ್ಲಿ ಬಿಪಿ, ಸಕ್ಕರೆ ನೋಡುವವರಿಲ್ಲ, ಅಂಚಿನಾಚೆ ಒತ್ತಿ ನೋಡುವವರಿಲ್ಲ.

ಮೂರು ವಾರ ಬಿಟ್ಟು ಬಂದಾಗ ಕಾಲಿನ ಚರ್ಮ ಈರುಳ್ಳಿ ಸಿಪ್ಪೆಯಂತೆ ಸುಲಿದು ಕೆಳಗೆ ಕಂದು ಬಣ್ಣ ಉಳಿದಿತ್ತು. ಅದು ಸೋಂಕಲ್ಲ, ಮಾಗುವ ರೀತಿ. ಬೆರಳ ಸಂದಿ ಮುಚ್ಚಿತ್ತು. ಟೇಪಿನಲ್ಲಿ ಎಡಗಾಲು 35.5, ಬಲಗಾಲಿಗಿಂತ ಒಂದೂವರೆ ಸೆಂಟಿಮೀಟರ್ ಹೆಚ್ಚು. ಆ ಹೆಚ್ಚಳ ಇವತ್ತಿಗೂ ಇದೆ.

ಮರುವರ್ಷ ನಾಟಿಯ ಹೊತ್ತಿಗೆ ಮತ್ತೆ ಬಂದರು. ಹಿಂದಿನ ರಾತ್ರಿ ಚಳಿ, ಬೆಳಿಗ್ಗೆ ಅದೇ ಕಾಲಿನಲ್ಲಿ ಮೂರು ಬೆರಳು ಅಗಲದ ಬಿಸಿ. ಅರಿಶಿನ ಇರಲಿಲ್ಲ. ಮಗಳು ಮನೆಯಲ್ಲೇ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ 6.30 ಎಂದು ಬರೆದಿದ್ದಳು. ನಾನು ನೋಡಿದ್ದು ಒಂಬತ್ತೂವರೆಗೆ, ಕೆಂಪು ಆಗಲೇ ಗೆರೆಗಿಂತ ಕಾಲು ಇಂಚು ಆಚೆ ಇತ್ತು. ಬಿಪಿ ಸರಿ ಇತ್ತು, ಸಕ್ಕರೆ 180. ಮೊದಲ ಮಾತ್ರೆಯನ್ನು ನನ್ನ ಮುಂದೆಯೇ ನುಂಗಿ ಮನೆಗೆ ಹೋದರು, ಮರುದಿನ ಬಂದು ಕಾಲು ತೋರಿಸಿದರು, ಆರನೇ ದಿನಕ್ಕೆ ಔಷಧಿ ನಿಲ್ಲಿಸಿದೆವು.

ಪದೇ ಪದೇ ಬರುವವರಿಗೆ ಪೆನಿಸಿಲಿನ್ 250 ಮಿಲಿಗ್ರಾಂ ದಿನಕ್ಕೆ ಎರಡು ಸಲ ಒಂದು ವರ್ಷ ಕೊಡುವ ಕ್ರಮವಿದೆ. ಅದು ಮರುಕಳಿಸುವುದನ್ನು ಕಡಿಮೆ ಮಾಡುತ್ತದೆ, ನಿಲ್ಲಿಸಿದ ಮೇಲೆ ರಕ್ಷಣೆ ಹೆಚ್ಚು ದಿನ ಉಳಿಯುವುದಿಲ್ಲ. ಈ ಅಮ್ಮನಿಗೆ ಅದನ್ನು ಈಗಲೇ ಶುರು ಮಾಡುವುದೋ ಬೇಡವೋ ಎಂದು ಮೂವರೂ ಕೂತು ಮಾತಾಡಿದೆವು. ಎರಡನೇ ಸಲವೂ ಬಾಗಿಲು ಅದೇ ಬೆರಳ ಸಂದಿಯೇ ಆಗಿತ್ತು. ಗದ್ದೆಯಿಂದ ಬಂದ ಕೂಡಲೇ ಕಾಲು ತೊಳೆದು ಸಂದಿಗಳನ್ನು ಬಟ್ಟೆಯ ತುದಿಯಿಂದ ಒರೆಸುವುದು, ಮಳೆಗಾಲ ಪೂರ್ತಿ ಬಿಳುಪು ಕಂಡ ದಿನವೇ ಮುಲಾಮು ಹಚ್ಚುವುದು, ಸಕ್ಕರೆ ಮಾತ್ರೆ ಬಿಡದಿರುವುದು ಎಂದು ಸದ್ಯಕ್ಕೆ ತೀರ್ಮಾನವಾಯಿತು. ಇದರ ಮೇಲೂ ಮೂರನೇ ಸಲ ಬಂದರೆ ಪೆನಿಸಿಲಿನ್ ಶುರು ಎಂದು ಅವರ ಚೀಟಿಯ ಹಿಂದೆ ಬರೆದುಕೊಟ್ಟಿದ್ದೇನೆ.